ಹೊರಗಿನ ಅಂಚು ನೋಡದೆ ಕತ್ತರಿ ಹಾಕಿಸಬೇಡಿ

ಗರ್ಭಕೋಶದಲ್ಲಿ ಸೆಪ್ಟಂ ಇದೆ, ಆಕಾರ ಬೇರೆ ಇದೆ ಎಂದು ಹೇಳಿಸಿಕೊಂಡು ಬಂದವರಿಗೆ ಈ ಸೂಚನೆ. ಪೆರುಂಗುಡಿ, ಕಂದನ್‌ಚಾವಡಿ, ತರಮಣಿ ಕಡೆ ಮನೆ ಮಾಡಿಕೊಂಡಿರುವ ಕನ್ನಡದ ಹೆಣ್ಣುಮಕ್ಕಳು, ಅವರ ಗಂಡಂದಿರು, ಊರಿಂದ ಫೋನಿನಲ್ಲೇ ಸಲಹೆ ಕೊಡುವ ಅಮ್ಮ-ಅತ್ತೆಯರು, ಎಲ್ಲರೂ ಓದಬೇಕು.

ನಾನು ಸ್ಕ್ಯಾನ್ ಕೋಣೆಯ ಕತ್ತಲೆಯಲ್ಲಿ ಕೂತು ವಯಸ್ಸಾದವಳು. ಈಗ ನಿವೃತ್ತಿ. ಆದರೂ ಲಿಫ್ಟಿನಲ್ಲಿ, ತರಕಾರಿ ಅಂಗಡಿಯ ಮುಂದೆ, ಯಾರಾದರೂ ಮೊಬೈಲ್ ಚಾಚಿ, ‘ಆಂಟಿ, ಈ ರಿಪೋರ್ಟ್ ಸ್ವಲ್ಪ ನೋಡ್ತೀರಾ’ ಅನ್ನುತ್ತಾರೆ. ನೋಡುತ್ತೇನೆ. ನೋಡಿದವುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಇದನ್ನು ಬರೆದೆ. ಧ್ವನಿ ಗಡುಸಾಗಿದ್ದರೆ ಬೇಸರ ಬೇಡ, ಮೆತ್ತಗೆ ಹೇಳಿ ಸಾಕಾಗಿದೆ.

ಮೊದಲು ಮಾಡಬೇಕಾದ್ದು: ಹೆಸರು ಸರಿಮಾಡಿಕೊಳ್ಳಿ

ಇಲ್ಲಿನ ಅಕ್ಕಪಕ್ಕದವರು ‘ಇರಟ್ಟೈ ಕರ್ಪಪ್ಪೈ’ ಎನ್ನುತ್ತಾರೆ, ನಮ್ಮವರು ‘ಎರಡು ಗರ್ಭಕೋಶ’ ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಅಪಾಯ.

ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಅದರ ಗರ್ಭಕೋಶ ಎರಡು ಕೊಳವೆಗಳಾಗಿ ಶುರುವಾಗುತ್ತದೆ, ಬಲಕ್ಕೊಂದು ಎಡಕ್ಕೊಂದು. ಅವು ನಡುವೆ ಬಂದು ಅಂಟಿಕೊಂಡು ಒಂದಾಗಬೇಕು. ಅಂಟಿದ ಮೇಲೆ ನಡುವೆ ಉಳಿಯುವ ಗೋಡೆ ಕರಗಿಹೋಗಬೇಕು. ಹುಟ್ಟುವ ಎಷ್ಟೋ ತಿಂಗಳ ಮೊದಲೇ ಈ ಕೆಲಸ ಮುಗಿದಿರುತ್ತದೆ. ಅಂಟುವ ಕೆಲಸ ಪೂರ್ತಿಯಾಗಿ, ಕರಗುವ ಕೆಲಸ ಅರ್ಧಕ್ಕೆ ನಿಂತರೆ ಅದು ಸೆಪ್ಟಂ. ಹೊರಗಿನಿಂದ ನೋಡಿದರೆ ಒಂದೇ ಗರ್ಭಕೋಶ, ಒಳಗೆ ಮೇಲಿಂದ ಇಳಿಬಿದ್ದ ನಡುಗೋಡೆ. ಅಂಟುವ ಕೆಲಸವೇ ಅರ್ಧಕ್ಕೆ ನಿಂತರೆ ಅದು ಬೈಕಾರ್ನುಯೇಟ್, ಅಂದರೆ ಎರಡು ಕೊಂಬಿನದು. ಅದರ ತಲೆಯ ಮೇಲೆ ಹೊರಗಡೆಯೇ ಆಳವಾದ ತಗ್ಗು ಇರುತ್ತದೆ. ಅಂಟಲೇ ಇಲ್ಲವೆಂದರೆ ಡೈಡೆಲ್ಫಿಸ್, ನಿಜಕ್ಕೂ ಎರಡು, ಹೆಚ್ಚಾಗಿ ಗರ್ಭಕಂಠವೂ ಎರಡು. ಒಂದು ಕೊಳವೆ ಬೆಳೆಯದೆ ಉಳಿದರೆ ಯೂನಿಕಾರ್ನುಯೇಟ್, ಒಂಟಿ ಕೊಂಬಿನದು.

ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಸೆಪ್ಟಂ ಎಂದರೆ ಒಂದೇ ಮನೆಯ ನಡುವೆ ಎದ್ದ ತಡಿಕೆ. ಬೈಕಾರ್ನುಯೇಟ್ ಎಂದರೆ ಒಂದೇ ಬಾಗಿಲಿನ ಎರಡು ಮನೆ. ತಡಿಕೆಯನ್ನು ಒಳಗಿನಿಂದ ತೆಗೆಯಬಹುದು. ಎರಡು ಮನೆಗಳ ನಡುವಿನ ಗೋಡೆಯನ್ನು ಒಳಗಿನಿಂದ ಕಡಿದರೆ ಬಯಲು ಸಿಗುತ್ತದೆ. ಗರ್ಭಕೋಶದ ವಿಷಯದಲ್ಲಿ ಆ ಬಯಲು ಎಂದರೆ ಹೊಟ್ಟೆ, ಕರುಳು.

ಮಾಡಬಾರದ್ದು: ಟ್ಯೂಬ್ ಟೆಸ್ಟಿನ ಒಂದು ಫಿಲ್ಮ್ ಹಿಡಿದು ಆಪರೇಷನ್ ದಿನ ಗೊತ್ತು ಮಾಡುವುದು

ನೀವು ‘ಟ್ಯೂಬ್ ಟೆಸ್ಟ್’ ಎನ್ನುವ ಎಚ್‌ಎಸ್‌ಜಿಯಲ್ಲಿ ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಗರ್ಭಕೋಶದೊಳಕ್ಕೆ ತುಂಬಿ ಚಿತ್ರ ತೆಗೆಯುತ್ತಾರೆ. ಟ್ಯೂಬುಗಳು ತೆರೆದಿವೆಯೇ ಎಂದು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ಆದರೆ ಅದರಲ್ಲಿ ಕಾಣುವುದು ಒಳಗೆ ತುಂಬಿದ ದ್ರವದ ನೆರಳು ಮಾತ್ರ. ಸೆಪ್ಟಂ ಇದ್ದರೂ ಆ ನೆರಳು ಕವಲಾಗಿ ಬರುತ್ತದೆ, ಬೈಕಾರ್ನುಯೇಟ್ ಇದ್ದರೂ ಕವಲಾಗಿಯೇ ಬರುತ್ತದೆ. ಹೊರಗಿನ ಅಂಚು ಆ ಫಿಲ್ಮಿನಲ್ಲಿ ಇಲ್ಲ. ಸಣ್ಣ ಕ್ಯಾಮೆರಾ ಹಾಕಿ ಒಳಗೆ ನೋಡುವ ಹಿಸ್ಟರೋಸ್ಕೋಪಿಯದೂ ಅದೇ ಕಥೆ: ಒಳಕೋಣೆ ಕಾಣುತ್ತದೆ, ಮನೆಯ ಮಾಡು ಕಾಣುವುದಿಲ್ಲ.

ಇದರ ಜೊತೆಗೆ ನಮ್ಮ ದೇಶಕ್ಕೇ ಸೇರಿದ ಒಂದು ಎಚ್ಚರಿಕೆ ಇದೆ. ಗರ್ಭಕೋಶದ ಕ್ಷಯ, ಅಂದರೆ ಟಿ.ಬಿ., ಒಳಗೋಡೆಗಳನ್ನು ಅಂಟಿಸಿ ಕುಗ್ಗಿಸಿದಾಗಲೂ ಎಚ್‌ಎಸ್‌ಜಿಯಲ್ಲಿ ಕೋಣೆ ‘ಟಿ’ ಅಕ್ಷರದಂತೆ ಅಥವಾ ಒಂಟಿ ಕೊಂಬಿನಂತೆ ಕಾಣುತ್ತದೆ. ಅದು ಹುಟ್ಟಿನಿಂದ ಬಂದ ಆಕಾರವಲ್ಲ, ಬಂದು ಹೋದ ಅಥವಾ ಇನ್ನೂ ಇರುವ ಕಾಯಿಲೆ. ಮುಟ್ಟು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದ್ದರೆ, ಹಿಂದೆ ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿದ್ದರೆ, ಅದನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಅವರು ಕೇಳಲಿಲ್ಲವೆಂದು ಸುಮ್ಮನಿರಬೇಡಿ.

ಮಾಡಬೇಕಾದ್ದು: ತ್ರೀ-ಡಿ ಸ್ಕ್ಯಾನ್, ಅದೂ ಸರಿಯಾದ ದಿನ

ಯೋನಿಯ ಮೂಲಕ ಮಾಡುವ ತ್ರೀ-ಡಿ ಅಲ್ಟ್ರಾಸೌಂಡ್‌ನಲ್ಲಿ ಗರ್ಭಕೋಶವನ್ನು ಎದುರಿನಿಂದ ನೋಡಿದಂಥ ಚಿತ್ರ ಸಿಗುತ್ತದೆ. ‘ಕರೋನಲ್ ವ್ಯೂ’ ಎಂದು ಕೇಳಿ. ಒಳಗಿನ ಕೋಣೆ, ಹೊರಗಿನ ಅಂಚು ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ. ಓ.ಎಂ.ಆರ್. ಉದ್ದಕ್ಕೂ ಇರುವ ದೊಡ್ಡ ಆಸ್ಪತ್ರೆಗಳಿಗೆ, ಸ್ಕ್ಯಾನ್ ಸೆಂಟರುಗಳಿಗೆ ಇದೇನೂ ಅಪರೂಪವಲ್ಲ. ಕೇಳಬೇಕು ಅಷ್ಟೆ.

ದಿನ ಮುಖ್ಯ. ಮುಟ್ಟು ಮುಗಿದ ತಕ್ಷಣ ಒಳಪದರ ತೆಳುವಾಗಿರುತ್ತದೆ, ಕೋಣೆಯ ಗಡಿ ಮಸುಕು. ತಿಂಗಳ ಎರಡನೇ ಅರ್ಧದಲ್ಲಿ, 28 ದಿನದ ಚಕ್ರದವರಿಗೆ ಹೆಚ್ಚುಕಡಿಮೆ 18ರಿಂದ 25ನೇ ದಿನದೊಳಗೆ, ಪದರ ದಪ್ಪಗಾಗಿ ಬೆಳ್ಳಗೆ ಕಾಣುತ್ತದೆ. ಆಗ ನಡುಗೋಡೆ ಬರೆದಿಟ್ಟ ಹಾಗೆ ಕಾಣುತ್ತದೆ. ಎಚ್‌ಎಸ್‌ಜಿಗೆ ಇದರ ವಿರುದ್ಧ ಲೆಕ್ಕ: ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮೊದಲು. ಗರ್ಭ ನಿಂತಿರಬಹುದಾದ ದಿನಗಳಲ್ಲಿ ಎಕ್ಸ್-ರೇ ಬೇಡ. ಎರಡನ್ನೂ ಒಂದೇ ದಿನ ಮುಗಿಸೋಣ, ರಜೆ ಉಳಿಯುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ಎರಡು ರಜೆ ಹಾಕಿ.

ರಿಪೋರ್ಟಿನಲ್ಲಿ ಮೂರು ಅಳತೆಗಳನ್ನು ಹುಡುಕಿ. ಹೊರಗಿನ ಅಂಚಿನಲ್ಲಿ ತಗ್ಗು ಎಷ್ಟು, ಒಳಗೆ ಗೋಡೆ ಎಷ್ಟು ಇಳಿದಿದೆ, ಅದರ ತುದಿಯ ಕೋನ ಎಷ್ಟು. ಹೊರಗಿನ ತಗ್ಗು ಒಂದು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಬೈಕಾರ್ನುಯೇಟ್ ಕಡೆ ವಾಲುತ್ತದೆ. ಹೊರ ಅಂಚು ನಯವಾಗಿ ಉಬ್ಬಿದ್ದು, ಒಳಗಿನ ಗೋಡೆ ಒಂದು ಸೆಂಟಿಮೀಟರಿಗಿಂತ ಉದ್ದವಿದ್ದು, ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಅಮೆರಿಕದ ಸಂತಾನೋತ್ಪತ್ತಿ ವೈದ್ಯಕೀಯ ಸಂಘದ 2021ರ ವರ್ಗೀಕರಣದಲ್ಲಿ ಅದು ಸೆಪ್ಟಂ. ಅದೇ ಸಂಘ 2016ರಲ್ಲಿ ಒಂದೂವರೆ ಸೆಂಟಿಮೀಟರ್ ಎಂದಿತ್ತು. ಯುರೋಪಿನವರು 2013ರಲ್ಲಿ ಗೋಡೆಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ ಸಾಕು ಎಂದರು. ಹೀಗಾಗಿ ಒಬ್ಬಳದೇ ಗರ್ಭಕೋಶ ಒಂದು ಕಡೆ ‘ಸೆಪ್ಟೇಟ್’, ಇನ್ನೊಂದು ಕಡೆ ‘ಆರ್ಕ್ಯುಯೇಟ್’ ಎನ್ನಿಸಿಕೊಳ್ಳಬಹುದು. ವೈದ್ಯರು ಸುಳ್ಳು ಹೇಳಿದರು ಎಂದು ಜಗಳಕ್ಕೆ ಹೋಗಬೇಡಿ. ಹೆಸರನ್ನು ಬಿಟ್ಟು ಮಿಲಿಮೀಟರ್ ಕೇಳಿ.

ಆರ್ಕ್ಯುಯೇಟ್ ಎಂದರೆ ಒಳಗೆ ಸಣ್ಣ ಬಾಗು, ಅಷ್ಟೇ. ಅದನ್ನು ಮುಟ್ಟಿಸಬೇಡಿ. ಅದಕ್ಕೆ ಆಪರೇಷನ್ ಬೇಕಿಲ್ಲ, ಅಳುವುದೂ ಬೇಕಿಲ್ಲ.

ಮದುವೆಯಾಗದ ಹುಡುಗಿಗೆ, ಅಥವಾ ಸ್ಕ್ಯಾನಿನಲ್ಲಿ ಚಿತ್ರ ಗೊಂದಲವಾಗಿದ್ದರೆ, ಎಂ.ಆರ್.ಐ. ಮಾಡಿಸಿ. ಎಲ್ಲರಿಗೂ ಅದು ಬೇಕಾಗಿಲ್ಲ.

ಒಂದು ಉದಾಹರಣೆ

ನಾನು ಕಂಡ ಹಲವರನ್ನು ಸೇರಿಸಿ ಒಬ್ಬಳನ್ನು ಮಾಡಿ ಹೇಳುತ್ತೇನೆ, ಯಾರ ಗುರುತೂ ಸಿಗಬಾರದು. ಹಾವೇರಿ ಕಡೆಯವಳು, ವಯಸ್ಸು 29, ಇಲ್ಲಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಗರ್ಭ ಬೇಗ ನಿಂತಿತು, ಎರಡು ಸಲವೂ ಎಂಟು-ಒಂಬತ್ತು ವಾರಕ್ಕೆ ಹೋಯಿತು. ಇದನ್ನು ಗಮನಿಸಿ: ಸೆಪ್ಟಂ ಇರುವ ಬಹಳಷ್ಟು ಹೆಂಗಸರಿಗೆ ಗರ್ಭ ನಿಲ್ಲುವುದೇ ತೊಂದರೆಯಾಗುವುದಿಲ್ಲ, ನಿಂತದ್ದು ಉಳಿಯುವುದು ತೊಂದರೆ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಸೆಪ್ಟಂ ಇರುವವರಲ್ಲಿ ಮೊದಲ ಮೂರು ತಿಂಗಳ ಗರ್ಭಪಾತ ಇಲ್ಲದವರಿಗಿಂತ ಮೂರು ಪಟ್ಟಿನ ಹತ್ತಿರ ಕಂಡಿದೆ. ದಿನ ತುಂಬುವ ಮೊದಲೇ ಹೆರಿಗೆ, ಮಗು ಅಡ್ಡ ಅಥವಾ ತಲೆಮೇಲಾಗಿ ಕೂರುವುದು ಕೂಡ ಹೆಚ್ಚು.

ಎರಡನೆಯ ಸಲ ಕ್ಲೀನ್ ಮಾಡಿಸಿದ ಮೇಲೆ ಎಚ್‌ಎಸ್‌ಜಿ ಆಯಿತು. ರಿಪೋರ್ಟಿನಲ್ಲಿ ‘ಬೈಕಾರ್ನುಯೇಟ್’. ಒಬ್ಬರು ಹೊಟ್ಟೆ ಕೊಯ್ದು ಎರಡು ಕೊಂಬು ಹೊಲಿದು ಒಂದು ಮಾಡೋಣ ಎಂದರು. ಸ್ಟ್ರಾಸ್‌ಮನ್ ಎಂಬ ಜರ್ಮನ್ ವೈದ್ಯರ ಹೆಸರಿನ ಹಳೆಯ ಆಪರೇಷನ್ ಅದು, ಈಗ ಬಲು ಅಪರೂಪಕ್ಕೆ ಮಾತ್ರ ಮಾಡುತ್ತಾರೆ. ಅತ್ತೆ ಫೋನಿನಲ್ಲಿ ಅತ್ತರು. ಹುಡುಗಿ 21ನೇ ದಿನ ತ್ರೀ-ಡಿ ಮಾಡಿಸಿದಳು. ಹೊರ ಅಂಚು ನಯವಾಗಿ ಉಬ್ಬಿತ್ತು, ತಗ್ಗು ಇಲ್ಲವೇ ಇಲ್ಲ. ಒಳಗೆ 19 ಮಿಲಿಮೀಟರ್ ಗೋಡೆ, ಕೋನ 70 ಡಿಗ್ರಿ. ಭಾಗಶಃ ಸೆಪ್ಟಂ. ಹೊಟ್ಟೆ ಕೊಯ್ಯುವ ಮಾತು ಅಲ್ಲಿಗೇ ನಿಂತಿತು.

ಆದರೆ ಸೆಪ್ಟಂ ಸಿಕ್ಕಿತು ಎಂದ ಮಾತ್ರಕ್ಕೆ ಕಳ್ಳ ಸಿಕ್ಕಿದ ಹಾಗಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಭ್ರೂಣದ ಕ್ರೋಮೋಸೋಮು ತಪ್ಪಿದ್ದರಿಂದ ಹೋಗುತ್ತವೆ, ಗೋಡೆ ಇದ್ದರೂ ಇಲ್ಲದಿದ್ದರೂ. ಅವಳ ವೈದ್ಯೆ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿಗಳ ಪರೀಕ್ಷೆ ಬರೆದರು. ಈ ಆಂಟಿಬಾಡಿ ಪರೀಕ್ಷೆ ಒಂದು ಸಲ ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು, ಒಂದೇ ಸಲದ ಫಲಿತಾಂಶಕ್ಕೆ ಬೆಲೆ ಇಲ್ಲ. ಎಲ್ಲವೂ ಸರಿ ಬಂದವು.

ಇನ್ನು ಉಳಿದದ್ದು ಕತ್ತರಿಸಬೇಕೋ ಬೇಡವೋ. ಇಲ್ಲಿ ನಿಮಗೆ ಯಾರೂ ಹೇಳದ ಸಂಗತಿ ಇದೆ. ದಶಕಗಳ ಕಾಲ ಸೆಪ್ಟಂ ಕಂಡರೆ ಕತ್ತರಿಸುವುದೇ ಪದ್ಧತಿಯಾಗಿತ್ತು, ಕತ್ತರಿಸಿದ ಮೇಲೆ ಮಗುವಾದ ಹೆಂಗಸರನ್ನು ಎಣಿಸಿ ಸಂತೋಷಪಡುತ್ತಿದ್ದರು. ಕತ್ತರಿಸದೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಎಣಿಸಿದವರು ಕಡಿಮೆ. ಕೊನೆಗೆ ‘ಟ್ರಸ್ಟ್’ ಎಂಬ ಅಧ್ಯಯನದಲ್ಲಿ ಸುಮಾರು 80 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು, 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ ಶೇಕಡಾ 31ರಷ್ಟು, ಆಗದವರಲ್ಲಿ ಶೇಕಡಾ 35ರಷ್ಟು ಮಂದಿಗೆ ಜೀವಂತ ಮಗು. ಗುಂಪು ಚಿಕ್ಕದು, ಇದೊಂದರಿಂದಲೇ ಆಪರೇಷನ್ ದಂಡ ಎಂದು ತೀರ್ಪು ಕೊಡಲಾಗದು. ಹಾಗೆಯೇ, ಕತ್ತರಿಸಿದರೆ ಮಗು ಗ್ಯಾರಂಟಿ ಎನ್ನುವವರ ಬಾಯಿಗೂ ಇದು ಬೀಗ. ಅಮೆರಿಕದವರು ಗರ್ಭಪಾತ ಆದವರ ಜೊತೆ ಚರ್ಚಿಸಿ ಆಪರೇಷನ್ ಮಾಡಬಹುದು ಎನ್ನುತ್ತಾರೆ, ಯುರೋಪಿನವರು ಹಿಂದೇಟು ಹಾಕುತ್ತಾರೆ.

ನನ್ನ ಮಾತು ಕೇಳುವುದಾದರೆ ಹೀಗೆ. ಗರ್ಭಪಾತವೇ ಆಗಿಲ್ಲ, ಬೇರೆ ಯಾವುದೋ ಸ್ಕ್ಯಾನಿನಲ್ಲಿ ಸೆಪ್ಟಂ ಕಂಡಿದೆ ಎನ್ನುವವರು ಮೊದಲು ಪ್ರಯತ್ನಿಸಿ ನೋಡಿ, ಮುಂಚಿತವಾಗಿ ಕತ್ತರಿಸಿಕೊಳ್ಳುವ ಆತುರ ಬೇಡ. ಎರಡು ಮೂರು ಗರ್ಭ ಹೋಗಿ, ಬೇರೆ ಕಾರಣ ಸಿಗದೆ, ಗೋಡೆ ಸ್ಪಷ್ಟವಾಗಿ ಉದ್ದವಿದ್ದರೆ ಆಪರೇಷನ್ ವಿಚಾರ ಮಾಡಬಹುದು. ಅವಳು ಮಾಡಿಸಿಕೊಂಡಳು. ಮೂರನೆಯ ಗರ್ಭ 37 ವಾರ ನಿಂತಿತು. ಕತ್ತರಿಯಿಂದ ನಿಂತಿತೋ, ತಾನಾಗಿಯೇ ನಿಲ್ಲುತ್ತಿತ್ತೋ, ಅವಳ ವೈದ್ಯೆಯೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನನಗೆ ಆ ವೈದ್ಯೆಯ ಮೇಲೆ ಗೌರವ.

ಆಪರೇಷನ್‌ಗೆ ಒಪ್ಪಿದರೆ ಕೇಳಲೇಬೇಕಾದ್ದು

ಇದು ಹೊಟ್ಟೆ ಕೊಯ್ಯುವ ಕೆಲಸವಲ್ಲ. ಅರಿವಳಿಕೆ ಕೊಟ್ಟು, ಗರ್ಭಕಂಠದ ಮೂಲಕ ಹಿಸ್ಟರೋಸ್ಕೋಪ್ ಹಾಕಿ, ದ್ರವ ತುಂಬಿ ಕೋಣೆಯನ್ನು ಹಿಗ್ಗಿಸಿ, ನಡುಗೋಡೆಯನ್ನು ಕತ್ತರಿಯಿಂದಲೋ ಕರೆಂಟಿನ ತುದಿಯಿಂದಲೋ ಸೀಳುತ್ತಾರೆ. ಗೋಡೆಯನ್ನು ತುಂಡು ತುಂಡಾಗಿ ಹೊರತೆಗೆಯುವುದಿಲ್ಲ. ಸೀಳಿದರೆ ಸಾಕು, ಅದು ಎರಡೂ ಕಡೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಮುಟ್ಟು ನಿಂತ ಬೆನ್ನಿಗೇ, ಪದರ ತೆಳುವಾಗಿರುವಾಗ ಮಾಡಿಸಿ.

ಮೂರು ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ಎದ್ದು ಬನ್ನಿ.

ಒಂದು: ‘ಹೊರಗಿನ ಅಂಚನ್ನು ಯಾರು ಕಾಯುತ್ತಾರೆ?’ ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಹಿಡಿದೋ, ಲ್ಯಾಪರೋಸ್ಕೋಪಿಯಿಂದಲೋ, ಯಾರಾದರೂ ನೋಡುತ್ತಿದ್ದರೆ ಒಳ್ಳೆಯದು. ಒಳಗೆ ಎರಡೂ ಟ್ಯೂಬಿನ ಬಾಯಿಗಳು ಒಂದೇ ಗೆರೆಯಲ್ಲಿ ಕಂಡಾಗ, ಮೇಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಮಾಂಸ ಉಳಿದಾಗ, ಕೈ ನಿಲ್ಲಿಸಬೇಕು. ಅತಿಯಾಸೆಯಿಂದ ಇನ್ನೂ ಸ್ವಲ್ಪ ಎಂದು ಹೋದರೆ ಮಾಡು ತೂತಾಗುತ್ತದೆ. ಆಗ ತೂತಾಗದೆ ತೆಳುವಾಗಿ ಉಳಿದದ್ದು ಮುಂದೆ ಬಸುರಿನಲ್ಲಿ ಹರಿಯಬಹುದು. ಅಪರೂಪ, ಆದರೆ ಆಗಿದೆ.

ಎರಡು: ‘ಯಾವ ದ್ರವ, ಎಷ್ಟು ಒಳಗೆ ಉಳಿದರೆ ನಿಲ್ಲಿಸುತ್ತೀರಿ?’ ತುಂಬಿದ ದ್ರವ ರಕ್ತಕ್ಕೆ ಸೇರುತ್ತದೆ. ಆರೋಗ್ಯವಂತ ಹೆಂಗಸಿಗೆ ಸಲೈನ್ ಆದರೆ ಎರಡೂವರೆ ಲೀಟರ್, ಗ್ಲೈಸಿನ್ ಆದರೆ ಒಂದು ಲೀಟರ್ ಮಿತಿ. ಗ್ಲೈಸಿನ್ ಮಿತಿ ಮೀರಿದರೆ ರಕ್ತದ ಸೋಡಿಯಂ ಕುಸಿದು ಮೆದುಳು ಊದಿಕೊಳ್ಳಬಹುದು. ಹೋದದ್ದೆಷ್ಟು ಬಂದದ್ದೆಷ್ಟು ಎಂದು ಒಬ್ಬ ನರ್ಸ್ ಬರೆದಿಡುತ್ತಲೇ ಇರಬೇಕು.

ಮೂರು: ‘ಆಮೇಲೆ ಯಾವಾಗ ನೋಡುತ್ತೀರಿ?’ ಒಂದೆರಡು ತಿಂಗಳು ಬಿಟ್ಟು ಮತ್ತೆ ತ್ರೀ-ಡಿ. ಗೋಡೆಯ ಅರ್ಧ ಸೆಂಟಿಮೀಟರ್ ಉಳಿದಿದ್ದರೆ ಅದರ ಹಿಂದೆ ಬಿದ್ದು ಎರಡನೆಯ ಆಪರೇಷನ್ ಮಾಡಿಸಬೇಡಿ. ಒಳಗಾಯ ಮಾಯಲು ಎರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಗರ್ಭ ಬೇಡ.

ಜ್ವರ, ದುರ್ವಾಸನೆಯ ಬಿಳಿಮುಟ್ಟು, ಕಡಿಮೆಯಾಗದ ಹೊಟ್ಟೆನೋವು, ಗಂಟೆಗೊಂದು ಪ್ಯಾಡ್ ತೋಯುವ ರಕ್ತ: ಅದೇ ದಿನ ಹೋಗಿ. ಬೆಳಿಗ್ಗೆ ನೋಡೋಣ ಎನ್ನಬೇಡಿ.

ಖಂಡಿತ ಮಾಡಬಾರದ್ದು

ಆಕಾರ ಬೇರೆ ಇರುವವರು ಕಾಪರ್-ಟಿ ಹಾಕಿಸಬೇಡಿ. ಕೋಣೆಯ ಆಕಾರ ತಿರುಚಿದ್ದರೆ ಅದು ಸರಿಯಾಗಿ ಕೂರುವುದಿಲ್ಲ. ಎರಡು ಕೋಣೆ ಇದ್ದು ಒಂದರಲ್ಲಿ ಕೂತರೆ, ಇನ್ನೊಂದರಲ್ಲಿ ಗರ್ಭ ನಿಲ್ಲಬಹುದು.

ಮೆಡಿಕಲ್ ಶಾಪಿನಿಂದ ಗರ್ಭ ತೆಗೆಯುವ ಮಾತ್ರೆ ತಂದು ಮನೆಯಲ್ಲಿ ನುಂಗಬೇಡಿ. ಇದು ಯಾರಿಗೂ ಸಲ್ಲದು, ಒಂಟಿ ಕೊಂಬಿನವರಿಗಂತೂ ಜೀವಕ್ಕೆ ಬರುತ್ತದೆ. ಯೂನಿಕಾರ್ನುಯೇಟ್ ಇರುವ ಹಲವರಲ್ಲಿ ಪಕ್ಕದಲ್ಲಿ ಬೆಳೆಯದ ಸಣ್ಣ ಕೊಂಬೊಂದು ಉಳಿದಿರುತ್ತದೆ. ಗರ್ಭ ಅಲ್ಲಿ ಕೂತರೆ ಹೊರಬರುವ ದಾರಿಯೇ ಇಲ್ಲ. ಮಾತ್ರೆಗೆ ರಕ್ತ ಹೋಗುತ್ತದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತೀರಿ, ಗರ್ಭ ಅಲ್ಲೇ ಬೆಳೆಯುತ್ತದೆ. ಮೂರು, ನಾಲ್ಕು, ಐದನೇ ತಿಂಗಳಲ್ಲಿ ಆ ಕೊಂಬು ಒಡೆಯುತ್ತದೆ. ಹಠಾತ್ತನೆ ಹೊಟ್ಟೆಯಲ್ಲಿ ಕತ್ತರಿಸಿದಂಥ ನೋವು, ಕಣ್ಣು ಕತ್ತಲೆ, ಮೈ ತಣ್ಣಗೆ. ಹೊರಗೆ ರಕ್ತ ಕಾಣದೇ ಇರಬಹುದು, ಒಳಗೆ ಹರಿಯುತ್ತಿರುತ್ತದೆ. ಒಳಪದರ ಇರುವ ಸಣ್ಣ ಕೊಂಬು ಸ್ಕ್ಯಾನಿನಲ್ಲಿ ಕಂಡಿದ್ದರೆ, ಬಸುರಾಗುವ ಮೊದಲೇ ಅದನ್ನು ಲ್ಯಾಪರೋಸ್ಕೋಪಿಯಲ್ಲಿ ತೆಗೆಸುವ ಬಗ್ಗೆ ಮಾತಾಡಿ. ಬಸುರಾದರೆ ಆರನೇ ವಾರದ ಹೊತ್ತಿಗೇ ಗರ್ಭ ಯಾವ ಕೋಣೆಯಲ್ಲಿದೆ ಎಂದು ನೋಡಿಸಿ.

ಗರ್ಭಪಾತವಾಗಿ ಕ್ಲೀನ್ ಮಾಡಿಸುವಾಗ ನಿಮ್ಮ ಗರ್ಭಕೋಶದ ಆಕಾರವನ್ನು ಮೊದಲೇ ಹೇಳಿ. ಸ್ಕ್ಯಾನ್ ನೋಡಿಕೊಂಡೇ ಮಾಡಲು ಕೇಳಿ. ಒಂದು ಕೋಣೆ ಕ್ಲೀನ್ ಮಾಡಿ, ಗರ್ಭ ಇದ್ದ ಇನ್ನೊಂದು ಕೋಣೆಯನ್ನು ಬಿಟ್ಟ ಪ್ರಸಂಗಗಳನ್ನು ಈ ಕಣ್ಣಿನಿಂದ ನೋಡಿದ್ದೇನೆ.

ಕಷಾಯ, ಹೊಟ್ಟೆ ತಿಕ್ಕಿಸುವುದು, ತಲೆಕೆಳಗಾಗಿ ಮಲಗುವುದು, ಇವುಗಳಿಂದ ನಡುಗೋಡೆ ಕರಗುವುದಿಲ್ಲ. ಹುಟ್ಟುವ ಮೊದಲೇ ನಿಂತ ಕೆಲಸ ಅದು. ಇದರಲ್ಲಿ ಹುಡುಗಿಯ ತಪ್ಪಿಲ್ಲ, ಅವಳ ತಾಯಿ ಬಸುರಿನಲ್ಲಿ ಏನು ತಿಂದಳು ಎಂಬ ವಿಚಾರಣೆಯೂ ಬೇಡ.

ಮರೆಯಬಾರದ್ದು: ಮೂತ್ರಪಿಂಡ, ಮತ್ತು ಮನೆಯ ಹುಡುಗಿಯರು

ಒಂಟಿ ಕೊಂಬು ಅಥವಾ ಎರಡು ಗರ್ಭಕೋಶ ಎಂದು ಗೊತ್ತಾದವರು ಎರಡೂ ಮೂತ್ರಪಿಂಡ ಇವೆಯೇ ಎಂದು ಸ್ಕ್ಯಾನ್ ಮಾಡಿಸಿ. ಭ್ರೂಣದಲ್ಲಿ ಗರ್ಭಕೋಶ, ಮೂತ್ರಪಿಂಡ ಎರಡೂ ಅಕ್ಕಪಕ್ಕ ಬೆಳೆಯುತ್ತವೆ, ಒಂದು ತಪ್ಪಿದಾಗ ಇನ್ನೊಂದೂ ತಪ್ಪಿರಬಹುದು. ಬರೀ ಸೆಪ್ಟಂ ಇರುವವರಲ್ಲಿ ಇದು ಕಡಿಮೆ.

ಹೊಸದಾಗಿ ಮೈನೆರೆದ ಹುಡುಗಿಗೆ ಮುಟ್ಟು ಸರಿಯಾಗಿ ಬರುತ್ತಿದ್ದರೂ ಹೊಟ್ಟೆನೋವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ‘ಎಲ್ಲರಿಗೂ ಬರುತ್ತೆ, ಮೆಂತ್ಯ ನುಂಗು’ ಎಂದು ಕೂರಬೇಡಿ. ಎರಡು ಗರ್ಭಕೋಶಗಳಲ್ಲಿ ಒಂದರ ಹಾದಿ ಮುಚ್ಚಿ, ಒಳಗೆ ರಕ್ತ ಕಟ್ಟುತ್ತಿರಬಹುದು. ಆ ಕಡೆಯ ಮೂತ್ರಪಿಂಡ ಇಲ್ಲದಿರುವುದು ಇದರ ದೊಡ್ಡ ಸುಳಿವು. ಸಣ್ಣ ಆಪರೇಷನ್ನಿನಿಂದ ಹಾದಿ ತೆರೆಯುತ್ತಾರೆ.

ಬಸುರಾದ ಮೇಲೆ

ವೈದ್ಯರ ಬಳಿ ಮೊದಲ ಸಲ ಹೋದಾಗಲೇ ಗರ್ಭಕೋಶದ ಆಕಾರ ಹೇಳಿ, ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಸುಮಾರು 16ರಿಂದ 24 ವಾರದ ನಡುವೆ ಗರ್ಭಕಂಠದ ಉದ್ದವನ್ನು ಯೋನಿಯ ಸ್ಕ್ಯಾನಿನಲ್ಲಿ ಅಳೆಯಲು ಕೇಳಿ. 25 ಮಿಲಿಮೀಟರಿಗಿಂತ ಕಡಿಮೆಯಾದರೆ ಮುಂದೇನು ಎಂದು ವೈದ್ಯರು ತೀರ್ಮಾನಿಸುತ್ತಾರೆ. ಆಕಾರ ಬೇರೆ ಇದೆ ಎಂಬ ಒಂದೇ ಕಾರಣಕ್ಕೆ ಕಂಠಕ್ಕೆ ಹೊಲಿಗೆ ಹಾಕಿಸಿಕೊಳ್ಳಬೇಡಿ. ಅದೇ ಕಾರಣಕ್ಕೆ ಒಂಬತ್ತು ತಿಂಗಳು ಹಾಸಿಗೆ ಹಿಡಿಯಬೇಡಿ. ಮಲಗಿದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಇದೆ.

ಸೆಪ್ಟಂ ಆಪರೇಷನ್ ಆಗಿದೆ ಎಂದಷ್ಟಕ್ಕೇ ಸಿಸೇರಿಯನ್ ಬೇಕಿಲ್ಲ. ಆದರೆ ಆಪರೇಷನ್ ವೇಳೆ ಗರ್ಭಕೋಶ ತೂತಾಗಿತ್ತೆಂದರೆ ಹೆರಿಗೆ ಮಾಡಿಸುವವರಿಗೆ ಅದು ಗೊತ್ತಿರಲೇಬೇಕು. ಆದ್ದರಿಂದ ಆಪರೇಷನ್ ನೋಟ್ಸಿನ ಪ್ರತಿ ಮನೆಯಲ್ಲಿರಲಿ, ಡಿಸ್ಚಾರ್ಜ್ ಕಾರ್ಡ್ ಮಾತ್ರ ಸಾಲದು. ಎರಡು ಕೊಂಬಿನವರಲ್ಲಿ, ಒಂಟಿ ಕೊಂಬಿನವರಲ್ಲಿ ಜಾಗ ಸಾಲದೆ ಮಗು ತಿರುಗದೇ ಉಳಿಯುವುದು ಸಾಮಾನ್ಯ, 36ನೇ ವಾರದಲ್ಲಿ ತಲೆ ಎಲ್ಲಿದೆ ನೋಡಿಸಿ.

ಇನ್ನೊಂದು ಮಾತು, ತವರಿನವರಿಗೆ ನೋವಾದರೂ ಹೇಳಲೇಬೇಕು. ಮೊದಲ ಹೆರಿಗೆ ತಾಯಿಮನೆಯಲ್ಲಿ, ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ಕರೆದೊಯ್ಯುವುದು ನಮ್ಮ ಪದ್ಧತಿ. ಗರ್ಭಕೋಶದ ಆಕಾರ ಬೇರೆ ಇರುವವರಿಗೆ ದಿನ ತುಂಬುವ ಮೊದಲೇ ನೋವು ಬರುವ ಸಂಭವ ಹೆಚ್ಚು, ಅದು ಏಳೆಂಟನೇ ತಿಂಗಳಲ್ಲೇ ಬರಬಹುದು. ಊರಿನಲ್ಲಿ ಎನ್.ಐ.ಸಿ.ಯು. ಇರುವ ಆಸ್ಪತ್ರೆ ಎಷ್ಟು ದೂರ ಎಂದು ಮೊದಲು ಕೇಳಿ. ಒಂದು ಗಂಟೆಗಿಂತ ದೂರವಿದ್ದರೆ ಮಗಳನ್ನು ಕರೆದೊಯ್ಯಬೇಡಿ, ಅಮ್ಮನೇ ಪೆರುಂಗುಡಿಗೆ ಬರಲಿ. ಬೇಗ ನೋವು ಬಂದಾಗ, 34 ವಾರದೊಳಗೆ, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಸಮಯ ಸಿಗಬೇಕಾದರೆ ಆಸ್ಪತ್ರೆ ಹತ್ತಿರವಿರಬೇಕು. ಸೀಮಂತವನ್ನು ಇಲ್ಲೇ ಮಾಡಿ, ಚಿಗಳಿ ತಂಬಿಟ್ಟು ಊರಿಂದ ಬರಲಿ.

ದುಡ್ಡಿನ ಅಡಚಣೆ ಇದ್ದರೆ ಮನೆಯಲ್ಲಿ ಕೂರಬೇಡಿ. ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆ 1844ರಿಂದ ನಡೆದುಬಂದಿದೆ. ತಿರುವಲ್ಲಿಕೇಣಿಯಲ್ಲಿ ಕಸ್ತೂರಬಾ ಗಾಂಧಿ ಆಸ್ಪತ್ರೆ ಇದೆ, ಪೆರುಂಗುಡಿ ನಿಲ್ದಾಣದಿಂದ ಬೀಚ್ ಕಡೆಗೆ ಹೋಗುವ ರೈಲು ಆ ದಾರಿಯಲ್ಲೇ ಹೋಗುತ್ತದೆ. ಒಪಿಡಿಗೆ ಹೋಗುವಾಗ ಈ ರೈಲು ಹತ್ತಿ. ನೋವು ಬಂದಾಗ, ರಕ್ತ ಹೋದಾಗ ರೈಲು ಬೇಡ, ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಗರ್ಭಕೋಶ ತೀರಾ ಚಿಕ್ಕದು, ಹೊರಲು ಆಗದು ಎಂದು ನಿರ್ಧಾರವಾದವರಿಗೆ ಕಾನೂನಿನಲ್ಲಿ ಬಾಗಿಲು ಮುಚ್ಚಿಲ್ಲ. 2021ರ ಬಾಡಿಗೆ ತಾಯ್ತನದ ಕಾಯ್ದೆಯಡಿ 2022ರಲ್ಲಿ ಬಂದ ನಿಯಮಗಳು ಚಿಕ್ಕ ಒಂಟಿ ಕೊಂಬಿನ ಗರ್ಭಕೋಶವನ್ನೂ ‘ಟಿ’ ಆಕಾರದ್ದನ್ನೂ ಕಾರಣವೆಂದು ಒಪ್ಪಿವೆ. ಹಣ ಕೊಟ್ಟು ಮಾಡಿಸುವುದಕ್ಕೆ ಅವಕಾಶವಿಲ್ಲ. ದಲ್ಲಾಳಿ ಬಂದರೆ ಬಾಗಿಲು ಹಾಕಿ. ಸೆಪ್ಟಂ ಇದೆ ಎಂದ ಮಾತ್ರಕ್ಕೆ ಯಾರಾದರೂ ಈ ದಾರಿ ತೋರಿಸಿದರೆ ಅಲ್ಲಿಂದಲೂ ಎದ್ದು ಬನ್ನಿ.

ಕೊನೆಯದಾಗಿ, ಲಿಫ್ಟಿನಲ್ಲಿ ನನ್ನನ್ನು ಹಿಡಿಯುವವರಿಗೆ. ರಿಪೋರ್ಟಿನ ಎರಡು ಸಾಲು ತೋರಿಸಿದರೆ ನಾನು ಏನೂ ಹೇಳುವುದಿಲ್ಲ. ತ್ರೀ-ಡಿ ಚಿತ್ರ ತನ್ನಿ, ಹೊರಗಿನ ಅಂಚು ಕಾಣುವ ಚಿತ್ರ.